ಸಹಿ ಹಾಕುವವರು ಓದಿದ ಮೇಲೆ ಅರ್ಜಿ ಕಳಿಸಿ

ನನ್ನ ತಂಡದಲ್ಲಿ ಹಿಂದೆ ಕೆಲಸ ಮಾಡಿದ್ದ ಹುಡುಗನೊಬ್ಬ ಒಂದು ದಿನ ಫೋನ್ ಮಾಡಿದ. "ಸರ್, ಪಿಎಂಪಿಗೆ ಅರ್ಜಿ ಹಾಕಿದ್ದೆ, ಆಡಿಟ್‌ಗೆ ಬಂದಿದೆ. ನಿಮ್ಮದೊಂದು ಸಹಿ ಬೇಕು, ಅಷ್ಟೇ." ಪಿಎಂಪಿ ಎಂದರೆ ಪ್ರಾಜೆಕ್ಟ್ ನಡೆಸುವವರು ಅನುಭವ ತೋರಿಸಿ, ಪರೀಕ್ಷೆ ಬರೆದು ಪಡೆಯುವ ಪ್ರಮಾಣಪತ್ರ. ಕಳಿಸಪ್ಪ ಅಂದೆ. ಫಾರ್ಮ್ ಬಂತು. ಅದರಲ್ಲಿ ಪ್ರಾಜೆಕ್ಟಿನ ಹೆಸರು, ಶುರುವಾದ ಮತ್ತು ಮುಗಿದ ತಿಂಗಳು, ಕೆಳಗೆ ಅವನೇ ಬರೆದ ವಿವರಣೆ. ವಿವರಣೆಯ ನಾಲ್ಕನೇ ಸಾಲಿನಲ್ಲಿ "ಬಜೆಟ್ ಸಿದ್ಧಪಡಿಸಿ, ಖರ್ಚಿನ ನಿಯಂತ್ರಣ ಮಾಡಿದೆ" ಎಂದಿತ್ತು. ಆ ಪ್ರಾಜೆಕ್ಟಿನ ಬಜೆಟ್ ನೋಡಿಕೊಂಡವನು ನಾನು. ಅವನು ಪ್ರತಿ ವಾರ ನನಗೆ ಖರ್ಚಿನ ಅಂಕಿ ಕೊಡುತ್ತಿದ್ದ, ಅದನ್ನು ಬಹಳ ಚೆನ್ನಾಗಿಯೇ ಕೊಡುತ್ತಿದ್ದ. ಆದರೆ ಅಂಕಿ ಕೊಡುವುದು ಬೇರೆ, ಬಜೆಟ್ ನಡೆಸುವುದು ಬೇರೆ. ನಾನು ಸಹಿ ಹಾಕಲಿಲ್ಲ. ಸಲ್ಲಿಸಿದ ಅರ್ಜಿಯನ್ನು ಆಡಿಟ್ ಹೊತ್ತಿನಲ್ಲಿ ತಿದ್ದಲು ಬರುವುದಿಲ್ಲ, ಹಾಗಾಗಿ ಅವನಿಗೆ ಬೇರೆ ದಾರಿಯೇ ಉಳಿಯಲಿಲ್ಲ. ಆ ಸಾಲಿನ ಬದಲು ಅವನು ನಿಜವಾಗಿ ಮಾಡಿದ್ದನ್ನೇ ಬರೆದಿದ್ದರೆ ಅರ್ಜಿಗೆ ಒಂದು ಕೊರತೆಯೂ ಆಗುತ್ತಿರಲಿಲ್ಲ. ಇದು ನನಗೆ ಇವತ್ತಿಗೂ ಬೇಸರದ ಸಂಗತಿ.

ಅಂದಿನಿಂದ ಅರ್ಜಿ ಹಾಕುವವರು ಸಲಹೆ ಕೇಳಿದರೆ ನಾನು ಮೊದಲು ಕೇಳುವುದು ಒಂದೇ: ನೀವು ಬರೆದದ್ದನ್ನು ಸಹಿ ಹಾಕಬೇಕಾದವರು ಓದಿದ್ದಾರೆಯೇ? ಆಡಿಟ್ ಎಂದರೆ ಯಾರೋ ಬಂದು ಕಡತ ತಡಕಾಡುತ್ತಾರೆ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಪಿಎಂಪಿ ಕೊಡುವ ಪಿಎಂಐ ಸಂಸ್ಥೆ ನಿಮ್ಮ ಕಚೇರಿಗೆ ಬರುವುದಿಲ್ಲ. ನೀವು ಬರೆದ ಮಾತನ್ನು ನಿಮ್ಮ ಕೆಲಸ ಕಂಡವರ ಮುಂದಿಟ್ಟು, ಇದು ನಿಜವೇ ಎಂದು ಕೇಳುತ್ತದೆ. ಹಾಗಾಗಿ ಆಡಿಟ್‌ನ ಮುಕ್ಕಾಲು ಕೆಲಸ ಅರ್ಜಿ ಕಳಿಸುವ ಮೊದಲೇ ಮುಗಿದಿರಬೇಕು.

ಅದಕ್ಕೂ ಮುಂಚೆ ತಿಂಗಳ ಲೆಕ್ಕ ಸರಿಯಾಗಬೇಕು. ಎಡವುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ನಾಲ್ಕು ವರ್ಷದ ಪದವಿ ಇದ್ದವರು ಪ್ರಾಜೆಕ್ಟ್ ಮುನ್ನಡೆಸಿದ 36 ತಿಂಗಳ ಅನುಭವ ತೋರಿಸಬೇಕು. ಆ ತಿಂಗಳುಗಳು ಒಂದರ ಮೇಲೊಂದು ಬೀಳಬಾರದು. ಒಂದೇ ತಿಂಗಳಲ್ಲಿ ಮೂರು ಪ್ರಾಜೆಕ್ಟ್ ನಡೆಸಿದ್ದರೂ ಅದು ಒಂದೇ ತಿಂಗಳು. ಎಷ್ಟು ವರ್ಷ ಹಿಂದಿನ ಕೆಲಸದವರೆಗೆ ಹೋಗಬಹುದು ಎನ್ನುವುದನ್ನು ಮಾತ್ರ ನೀವು ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಪಿಎಂಐ ಕೈಪಿಡಿಯಲ್ಲೇ ನೋಡಿಕೊಳ್ಳಿ. ಸ್ನೇಹಿತರು ಎರಡು ವರ್ಷದ ಹಿಂದೆ ಹೇಳಿದ್ದನ್ನು ನಂಬಬೇಡಿ, ನಿಯಮ ಬದಲಾಗುತ್ತಿರುತ್ತದೆ.

ನನ್ನ ಹತ್ತಿರ ಬಂದಿದ್ದ ಒಬ್ಬ ಮಹಿಳೆಯ ಲೆಕ್ಕ ಹೇಳುತ್ತೇನೆ. ಅವರು ನಾಲ್ಕು ಪ್ರಾಜೆಕ್ಟ್ ಬರೆದುಕೊಂಡು ಬಂದಿದ್ದರು. ಮೊದಲನೆಯದು 2021ರ ಜನವರಿಯಿಂದ ಡಿಸೆಂಬರ್‌ವರೆಗೆ, 12 ತಿಂಗಳು. ಎರಡನೆಯದು 2021ರ ಸೆಪ್ಟೆಂಬರ್‌ನಿಂದ 2022ರ ಜೂನ್‌ವರೆಗೆ, 10 ತಿಂಗಳು. ಮೂರನೆಯದು 2022ರ ಅಕ್ಟೋಬರ್‌ನಿಂದ 2023ರ ಸೆಪ್ಟೆಂಬರ್‌ವರೆಗೆ, 12 ತಿಂಗಳು. ನಾಲ್ಕನೆಯದು 2023ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ, 6 ತಿಂಗಳು. "ಒಟ್ಟು 40 ತಿಂಗಳಾಯ್ತಲ್ಲ ಸರ್, ಸಾಕಲ್ವಾ?" ಅಂದರು.

ಒಂದು ಹಾಳೆಯ ಮೇಲೆ ತಿಂಗಳಿಗೊಂದು ಮನೆಯಂತೆ ಗೆರೆ ಎಳೆದು, ಕೆಲಸ ನಡೆದ ತಿಂಗಳಿಗೆಲ್ಲ ಬಣ್ಣ ಹಚ್ಚಿ ಅಂದೆ. ಎರಡನೆಯ ಪ್ರಾಜೆಕ್ಟಿನ ಮೊದಲ 4 ತಿಂಗಳು ಆಗಲೇ ಬಣ್ಣ ಬಿದ್ದ ಮನೆಗಳ ಮೇಲೆಯೇ ಬಂತು. ನಾಲ್ಕನೆಯದಂತೂ ಪೂರ್ತಿ ಮೂರನೆಯದರ ಹೊಟ್ಟೆಯೊಳಗೇ ಇತ್ತು. ಬಣ್ಣದ ಮನೆ ಎಣಿಸಿದರೆ 12, 6, 12, ಅಂದರೆ 30. ಇನ್ನೂ 6 ತಿಂಗಳು ಬೇಕು. ಸಾಲದ್ದಕ್ಕೆ, ಮೂರನೆಯ ಪ್ರಾಜೆಕ್ಟ್ ಮುಗಿದಾಗ ಬಂದಿದ್ದ ಇಮೇಲ್ ಹುಡುಕಿ ತೆಗೆದಾಗ ಗ್ರಾಹಕರು ಒಪ್ಪಿಗೆ ಕೊಟ್ಟಿದ್ದು ಆಗಸ್ಟ್ ಕೊನೆಗೆ ಎಂದು ಗೊತ್ತಾಯಿತು. ಸೆಪ್ಟೆಂಬರ್‌ನಲ್ಲಿ ನಡೆದದ್ದು ಸಪೋರ್ಟ್ ಕೆಲಸ. ದಿನನಿತ್ಯ ನಡೆಯುವ ಸಪೋರ್ಟ್, ನಿರ್ವಹಣೆ ಎಷ್ಟೇ ಕಷ್ಟದ್ದಾಗಿರಲಿ, ಅದು ಪ್ರಾಜೆಕ್ಟ್ ಅಲ್ಲ. ಪ್ರಾಜೆಕ್ಟ್ ಎಂದರೆ ಅದಕ್ಕೊಂದು ಶುರು, ಒಂದು ಕೊನೆ, ಕೊನೆಗೆ ಕೈಗೆ ಸಿಗುವ ಒಂದು ಫಲ ಇರಬೇಕು. ಹೀಗೆ 30 ಹೋಗಿ 29 ಆಯಿತು.

ಅವರು ಸಪ್ಪಗಾದರು. ಹಿಂದಿನ ಕೆಲಸ ಕೇಳುತ್ತ ಹೋದಾಗ ಒಂದು ವಿಷಯ ಹೊರಬಂತು. 2020ರ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಹಳೆಯ ಕಂಪನಿಯಲ್ಲಿ ಒಂದು ವ್ಯವಸ್ಥೆಯನ್ನು ಹೊಸ ಸರ್ವರ್‌ಗೆ ಸಾಗಿಸುವ ಕೆಲಸವನ್ನು ಅವರೇ ನಡೆಸಿದ್ದರು. ಯೋಜನೆ ಹಾಕಿದ್ದು, ಆರು ಜನರಿಗೆ ಕೆಲಸ ಹಂಚಿದ್ದು, ವಾರದ ವರದಿ ಕೊಟ್ಟಿದ್ದು ಎಲ್ಲ ಅವರೇ. "ಆಗ ನಾನು ಬರೀ ಸೀನಿಯರ್ ಎಂಜಿನಿಯರ್ ಸರ್, ಮ್ಯಾನೇಜರ್ ಅಲ್ಲವಲ್ಲ, ಅದಕ್ಕೇ ಬರೆದಿಲ್ಲ" ಅಂದರು. ಹುದ್ದೆಯ ಹೆಸರಿಗೆ ಇಲ್ಲಿ ಬೆಲೆ ಇಲ್ಲ, ಮಾಡಿದ ಕೆಲಸಕ್ಕೆ ಬೆಲೆ. ಹಾಗೆಯೇ ಮ್ಯಾನೇಜರ್ ಎಂಬ ಹುದ್ದೆ ಇದ್ದು ಪ್ರಾಜೆಕ್ಟನ್ನು ಬೇರೆಯವರು ನಡೆಸಿದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಆ 8 ತಿಂಗಳು ಸೇರಿ 37 ಆಯಿತು. ಅಂಚಿನ ಲೆಕ್ಕ ನಿಜ, ಆದರೆ ಪ್ರತಿ ತಿಂಗಳ ಹಿಂದೆಯೂ ಒಂದು ಮೇಲ್ ಇತ್ತು.

ಆಮೇಲೆ ನಾಲ್ಕನೆಯ ಪ್ರಾಜೆಕ್ಟನ್ನು ಅರ್ಜಿಯಿಂದ ತೆಗೆಸಿದೆ. ಅದು ಚೆಂದದ ಪ್ರಾಜೆಕ್ಟ್, ಅವರಿಗೆ ಹೆಮ್ಮೆ ತಂದದ್ದು. ಆದರೆ ಅದರಿಂದ ಒಂದು ತಿಂಗಳೂ ಹೆಚ್ಚಾಗುವುದಿಲ್ಲ. ಆಡಿಟ್ ಬಂದರೆ ಮಾತ್ರ ಇನ್ನೊಬ್ಬರ ಸಹಿಗೆ ಓಡಾಡಬೇಕು. ಬೇಕಾದಷ್ಟು ತಿಂಗಳು ತುಂಬುವ ಪ್ರಾಜೆಕ್ಟ್ ಬರೆದರೆ ಸಾಕು.

ಇನ್ನು ಗಂಟೆಗಳ ಮಾತು. ಮೊದಲು ಪಿಎಂಪಿ ಅರ್ಜಿಯಲ್ಲೇ ಪದವೀಧರರು 4,500 ಗಂಟೆ ತೋರಿಸಬೇಕಿತ್ತು. ಈಗ ಅದು ತಿಂಗಳಿಗೆ ಬಂದು ನಿಂತಿದೆ. ಆದರೂ ಗಂಟೆಯ ಲೆಕ್ಕ ಕೇಳುವ ಪ್ರಮಾಣಪತ್ರಗಳಿವೆ. ಮಾಹಿತಿ ಭದ್ರತಾ ಕ್ಷೇತ್ರದ ಸಿಐಎಸ್‌ಎಸ್‌ಪಿಯಲ್ಲಿ ಅರೆಕಾಲಿಕ ಕೆಲಸವನ್ನು ಗಂಟೆಯಲ್ಲಿ ಅಳೆಯುತ್ತಾರೆ, ಅಲ್ಲಿ 2,080 ಗಂಟೆ ಒಂದು ವರ್ಷಕ್ಕೆ ಸಮ. ತಿಂಗಳಿಗೂ ಗಂಟೆಗೂ ಲೆಕ್ಕದ ರೀತಿಯೇ ಬೇರೆ. ಒಂದೇ ತಿಂಗಳಲ್ಲಿ ಎರಡು ಪ್ರಾಜೆಕ್ಟ್ ಇದ್ದರೆ ತಿಂಗಳು ಒಂದೇ, ಗಂಟೆ ಮಾತ್ರ ಎರಡೂ ಕಡೆ ಹಂಚಿಹೋಗುತ್ತದೆ. ಹಂಚಿಹೋಗುತ್ತದೆ ಎನ್ನುವುದನ್ನು ಮರೆಯಬಾರದು. ಎರಡು ಪ್ರಾಜೆಕ್ಟಿಗೂ ವಾರಕ್ಕೆ 40 ಗಂಟೆ ಎಂದು ಬರೆದ ಅರ್ಜಿ ನಾನು ನೋಡಿದ್ದೇನೆ. ಅವರು ವಾರಕ್ಕೆ 80 ಗಂಟೆ ದುಡಿದರು ಎಂದಾಯಿತು. ಬರೆಯುವವರಿಗೆ ಕಾಣದಿದ್ದರೂ ಪರಿಶೀಲಿಸುವವರಿಗೆ ಮೊದಲು ಕಾಣುವುದು ಅದೇ.

ಟೈಮ್‌ಶೀಟ್ ಇದ್ದರೆ ಅದರಿಂದಲೇ ತೆಗೆಯಿರಿ. ಇಲ್ಲದಿದ್ದರೆ ಆ ಅವಧಿಯ ಕ್ಯಾಲೆಂಡರ್, ಮೀಟಿಂಗ್ ಟಿಪ್ಪಣಿ, ಸ್ಟೇಟಸ್ ರಿಪೋರ್ಟ್ ಮುಂದಿಟ್ಟುಕೊಂಡು ವಾರದ ಎಷ್ಟು ಪಾಲು ಆ ಪ್ರಾಜೆಕ್ಟಿಗೆ ಹೋಯಿತು ಎಂದು ನಿರ್ಧರಿಸಿ. ತಿಂಗಳಿಗೆ 20 ದಿನ, ದಿನಕ್ಕೆ 8 ಗಂಟೆ, ಅದರಲ್ಲಿ ಅರ್ಧ ಎಂದರೆ 80 ಗಂಟೆ. ಹೇಗೆ ಲೆಕ್ಕ ಹಾಕಿದಿರಿ ಎನ್ನುವುದನ್ನೂ ಅಲ್ಲೇ ಬರೆದಿಡಿ. ಕಂಪನಿ ಬಿಟ್ಟ ಮೇಲೆ ಮೇಲ್ ನಿಮ್ಮ ಕೈಗೆ ಸಿಗುವುದಿಲ್ಲ, ಗೌಪ್ಯ ಕಾಗದ ಹೊರಗೆ ಒಯ್ಯುವುದು ತಪ್ಪು. ಅದಕ್ಕೇ ಪ್ರಾಜೆಕ್ಟ್ ಮುಗಿದ ವಾರವೇ ಹೆಸರು, ಶುರು, ಕೊನೆ, ನಿಮ್ಮ ಪಾತ್ರ, ಯಾರಿಗೆ ವರದಿ ಮಾಡುತ್ತಿದ್ದಿರಿ ಎಂದು ನಿಮ್ಮದೇ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿ. ಐದು ನಿಮಿಷದ ಕೆಲಸ.

ವಿವರಣೆ ಬರೆಯುವಾಗ ಪ್ರಾಜೆಕ್ಟಿನ ಉದ್ದೇಶಕ್ಕೆ ಒಂದು ವಾಕ್ಯ, ಫಲಕ್ಕೆ ಒಂದು ವಾಕ್ಯ ಸಾಕು. ಉಳಿದದ್ದೆಲ್ಲ ನೀವು ಏನು ಮಾಡಿದಿರಿ ಎನ್ನುವುದಾಗಿರಲಿ. "ತಂಡವು ಯಶಸ್ವಿಯಾಗಿ ಪೂರೈಸಿತು" ಎಂದು ಬರೆದರೆ ನೀವು ಅದರಲ್ಲಿ ಕಾಣುವುದೇ ಇಲ್ಲ. ಆ ಮಹಿಳೆಯ ಮೊದಲ ಕರಡಿನಲ್ಲಿ "ವ್ಯವಸ್ಥೆಯನ್ನು ಹೊಸ ಸರ್ವರ್‌ಗೆ ಸಾಗಿಸಲಾಯಿತು" ಎಂದಿತ್ತು. ತಿದ್ದಿದ ಮೇಲೆ ಹೀಗಾಯಿತು: "ಸಾಗಣೆಯ ವೇಳಾಪಟ್ಟಿ ತಯಾರಿಸಿ ಒಪ್ಪಿಗೆ ಪಡೆದೆ. ಆರು ಜನರ ತಂಡಕ್ಕೆ ಕೆಲಸ ಹಂಚಿದೆ. ಎರಡನೇ ಹಂತ ತಡವಾದಾಗ ಪರೀಕ್ಷೆಯ ಕ್ರಮ ಬದಲಿಸಿ ಸ್ಪಾನ್ಸರ್‌ಗೆ ತಿಳಿಸಿದೆ." ಇದನ್ನು ಅಂದಿನ ಮ್ಯಾನೇಜರ್ ಓದಿದರೆ ತಲೆಯಾಡಿಸುತ್ತಾರೆ, ಏಕೆಂದರೆ ಅವರಿಗೂ ಆ ತಡ ನೆನಪಿದೆ. ಸಿದ್ಧ ಮಾದರಿ ಎಲ್ಲಿಂದಲೋ ತಂದು ಅಂಟಿಸಿದ ವಿವರಣೆಯಲ್ಲಿ ಸಹಿ ಹಾಕುವವರಿಗೆ ನೆನಪಾಗುವಂಥದ್ದು ಏನೂ ಇರುವುದಿಲ್ಲ.

ಅರ್ಜಿ ಸಲ್ಲಿಸಿದ ಮೇಲೆ, ಆಡಿಟ್‌ಗೆ ಆಯ್ಕೆಯಾಗಿದ್ದರೆ ಸುದ್ದಿ ಬರುತ್ತದೆ. ಆಯ್ಕೆ ಯಾದೃಚ್ಛಿಕ, ಬಂದ ಮಾತ್ರಕ್ಕೆ ನಿಮ್ಮ ಮೇಲೆ ಅನುಮಾನ ಎಂದಲ್ಲ. ಕಾಗದ ಒದಗಿಸಲು 90 ದಿನ ಸಿಗುತ್ತದೆ. ಕೇಳುವುದು ಮೂರು: ಪದವಿ ಪ್ರಮಾಣಪತ್ರದ ಪ್ರತಿ, 35 ಗಂಟೆಗಳ ತರಬೇತಿಯ ಪ್ರಮಾಣಪತ್ರ, ಪ್ರತಿ ಪ್ರಾಜೆಕ್ಟಿಗೂ ಅದನ್ನು ಬಲ್ಲವರ ಸಹಿ. ಮೊದಲೆರಡು ಒಂದು ಸಂಜೆಯ ಕೆಲಸ, ತರಬೇತಿ ಪತ್ರದಲ್ಲಿ ಗಂಟೆ ನಮೂದಾಗಿದೆಯೇ ಎಂದಷ್ಟು ನೋಡಿಕೊಳ್ಳಿ. ದಿನ ತಿನ್ನುವುದು ಸಹಿ. ಆಡಿಟ್ ಮುಗಿಸದೆ ಕೈಬಿಟ್ಟರೆ, ಅಥವಾ ಕಾಗದ ಪೂರ್ತಿಯಾಗದೆ ಸೋತರೆ, ಮತ್ತೆ ಅರ್ಜಿ ಹಾಕಲು ಒಂದು ವರ್ಷ ಕಾಯಬೇಕು. ಬೇಕೆಂದೇ ಸುಳ್ಳು ಬರೆದದ್ದು ಸಾಬೀತಾದರೆ ವಿಷಯ ಅಲ್ಲಿಗೆ ನಿಲ್ಲುವುದಿಲ್ಲ, ಬಾಗಿಲು ಪೂರ್ತಿ ಮುಚ್ಚಿಕೊಳ್ಳಬಹುದು.

ಆ ಮಹಿಳೆಗೆ ಆಡಿಟ್ ಬಂದೇ ಬಂತು. 2020ರ ಪ್ರಾಜೆಕ್ಟಿನ ಮ್ಯಾನೇಜರ್ ಆ ಕಂಪನಿ ಬಿಟ್ಟು ಎರಡು ವರ್ಷವಾಗಿತ್ತು. ಅದರಿಂದ ತೊಂದರೆ ಇಲ್ಲ. ಸಹಿ ಹಾಕುವವರು ಈಗ ಎಲ್ಲಿದ್ದಾರೆ ಎನ್ನುವುದಕ್ಕಿಂತ ಆಗ ನಿಮ್ಮ ಕೆಲಸ ಕಂಡಿದ್ದರೇ ಎನ್ನುವುದು ಮುಖ್ಯ. ಅವರು ಸಿಗದೇ ಹೋದರೆ ಆ ಕೆಲಸ ಬಲ್ಲ ಗ್ರಾಹಕರೋ ಸಹೋದ್ಯೋಗಿಯೋ ಹಾಕಬಹುದು. ಈ ಮಹಿಳೆ ಅರ್ಜಿ ಕಳಿಸುವ ಮುಂಚೆಯೇ ಆ ಮ್ಯಾನೇಜರ್‌ಗೆ ಫೋನ್ ಮಾಡಿ ವಿವರಣೆ ಓದಿಸಿದ್ದರು. ಆಗ ಅವರು "ಆರು ಜನ ಅಲ್ಲಮ್ಮ, ಜುಲೈ ಆದ ಮೇಲೆ ಐದೇ ಜನ ಇದ್ದದ್ದು" ಎಂದು ಒಂದು ತಿದ್ದುಪಡಿಯನ್ನೂ ಹೇಳಿದ್ದರು, ಅದನ್ನು ಸರಿಪಡಿಸಿಯೇ ಸಲ್ಲಿಸಿದ್ದೆವು. ಆಡಿಟ್ ಫಾರ್ಮ್ ಕಳಿಸಿದ ಮೂರನೇ ದಿನ ಅವರ ಸಹಿ ಬಂತು. ಉಳಿದ ಮೂರೂ ಸಹಿ ಸೇರಿ ಹನ್ನೊಂದು ದಿನದಲ್ಲಿ ಕಾಗದವೆಲ್ಲ ಹೋಯಿತು. ಪರೀಕ್ಷೆ ಬರೆಯಲು ಸಿಗುವ ಒಂದು ವರ್ಷದ ಗಡುವು ಆಡಿಟ್ ಮುಗಿದ ದಿನದಿಂದಲೇ ಶುರುವಾಗುವುದರಿಂದ ಅವರ ಓದಿನ ಸಮಯದಲ್ಲಿ ಒಂದು ದಿನವೂ ಕಡಿಮೆಯಾಗಲಿಲ್ಲ.