ಸ್ಮಾರ್ಟ್ ವಾಚ್ ಇಲ್ದೆ ವಾಕಿಂಗ್ ಸ್ಪೀಡ್ ಸರಿಯಾಗಿದೆಯಾ ಅಂತ ತಿಳಿಯೋದು ಹೇಗೆ? ಮಗ್ಗಿ ಹೇಳಿ, ನಾಡಿ ಹಿಡೀರಿ

ಪ್ರಶ್ನೆ: ನಂಗೆ 52 ವರ್ಷ. ಶುಗರ್ ಬಾರ್ಡರ್‌ನಲ್ಲಿದೆ, ದಿನಾ ಅರ್ಧ ಗಂಟೆ ಬಿರುಸಾಗಿ ನಡೀರಿ ಅಂತ ಡಾಕ್ಟರ್ ಹೇಳಿದಾರೆ. ಬಿರುಸು ಅಂದ್ರೆ ಎಷ್ಟು? ನನ್ ಹತ್ರ ಸ್ಮಾರ್ಟ್ ವಾಚ್ ಇಲ್ಲ, ತಗೊಳೋ ಮನಸ್ಸೂ ಇಲ್ಲ. ಒಬ್ರು ನಾಡಿ ನೋಡ್ಕೊಳಿ ಅಂತಾರೆ, ಇನ್ನೊಬ್ರು ಮಾತಾಡ್ತಾ ನಡೆಯೋಕಾದ್ರೆ ಸಾಕು ಅಂತಾರೆ. ಎರಡರಲ್ಲಿ ಯಾವ್ದು ನಂಬೋದು?

ಎರಡೂ ಬೇಕು, ಆದ್ರೆ ಎರಡಕ್ಕೂ ಒಂದೇ ತೂಕ ಇಲ್ಲ. ತೀರ್ಪು ಕೊಡೋದು ಮಾತು, ಸಾಕ್ಷಿ ಹೇಳೋದು ನಾಡಿ. ಯಾಕೆ ಅಂತ ಹೇಳ್ತೀನಿ.

ಮೊದ್ಲು ಮಾತು. ನಾವು ಮಾತಾಡೋದು ಉಸಿರು ಬಿಡುವಾಗ ಮಾತ್ರ. ಅಂದ್ರೆ ಮಾತಾಡಬೇಕಾದ್ರೆ ಗಬಕ್ಕನೆ ಉಸಿರು ಎಳ್ಕೊಂಡು ನಿಧಾನಕ್ಕೆ ಬಿಡ್ತಾ ಹೋಗ್ಬೇಕು, ಸುಮ್ನಿದ್ದಾಗ ಇದು ಗೊತ್ತೇ ಆಗಲ್ಲ. ನಡಿಗೆ ಜೋರಾದಂಗೆ ಒಂದು ಹಂತದಲ್ಲಿ ಕಾಲಿನ ಸ್ನಾಯುಗಳಲ್ಲಿ ಆಮ್ಲದ ಅಂಶ ಜಾಸ್ತಿಯಾಗುತ್ತೆ, ರಕ್ತ ಅದನ್ನ ಸರಿದೂಗಿಸೋಕೆ ಹೋದಾಗ ಇಂಗಾಲದ ಡೈಆಕ್ಸೈಡ್ ಮಾಮೂಲಿಗಿಂತ ಹೆಚ್ಚು ಹುಟ್ಟುತ್ತೆ, ಅದನ್ನ ಹೊರಗೆ ಹಾಕು ಅಂತ ಮೆದುಳು ಉಸಿರಾಟನ ಒಂದೇ ಸಲಕ್ಕೆ ಏರಿಸಿಬಿಡುತ್ತೆ. ಆ ಗೆರೆ ದಾಟಿದ ಮೇಲೆ ಮಾತಿಗೋಸ್ಕರ ಉಸಿರು ತಡೆದು ಹಿಡಿಯೋಕೆ ದೇಹ ಒಪ್ಪಲ್ಲ, ವಾಕ್ಯ ಮಧ್ಯದಲ್ಲೇ ಮುರಿಯುತ್ತೆ. ಲ್ಯಾಬ್‌ನಲ್ಲಿ ಮುಖಕ್ಕೆ ಮಾಸ್ಕ್ ಹಾಕಿ ಟ್ರೆಡ್‌ಮಿಲ್ ಮೇಲೆ ಓಡಿಸಿ ಕಂಡುಹಿಡಿಯೋ ಗೆರೆ ಇದು, ನಿಮ್ಗೆ ಅದು ನಾಲಿಗೆ ತುದೀಲೇ ಸಿಗುತ್ತೆ.

ಅಮೆರಿಕದ ವಿಸ್ಕಾನ್ಸಿನ್ ಯೂನಿವರ್ಸಿಟಿಯ ಲಾ ಕ್ರಾಸ್ ಕ್ಯಾಂಪಸ್‌ನಲ್ಲಿ ಕಾರ್ಲ್ ಫಾಸ್ಟರ್ ಅನ್ನೋರು ತಮ್ಮ ತಂಡದ ಜೊತೆ ಇದರ ಮೇಲೆ ತುಂಬಾ ಕೆಲಸ ಮಾಡಿದಾರೆ. ಅವ್ರು ವ್ಯಾಯಾಮ ಮಾಡ್ತಿರೋರ ಕೈಲಿ ಅಲ್ಲಿನ ಸ್ಕೂಲ್ ಮಕ್ಕಳು ದಿನಾ ಹೇಳೋ 31 ಪದದ ಪ್ರತಿಜ್ಞೆನ ಹೇಳಿಸಿ, ಆಮೇಲೆ ‘ಆರಾಮಾಗಿ ಮಾತಾಡೋಕಾಯ್ತಾ’ ಅಂತ ಒಂದೇ ಪ್ರಶ್ನೆ ಕೇಳೋರು. ಹೌದು ಅಂದ್ರೆ ಇನ್ನೂ ಗೆರೆ ಮುಟ್ಟಿಲ್ಲ, ‘ಆಯ್ತು, ಆದ್ರೆ ಅಷ್ಟು ಆರಾಮಾಗಲ್ಲ’ ಅಂದ್ರೆ ಗೆರೆ ಹತ್ರ ಇದೀರಿ, ಇಲ್ಲ ಅಂದ್ರೆ ದಾಟಿ ಎಷ್ಟೋ ದೂರ ಹೋಗಿದೀರಿ.

ಇಲ್ಲಿ ಗಮನಿಸಬೇಕಾದ್ದು, ಅವ್ರು ಹರಟೆ ಹೊಡೆಸಲಿಲ್ಲ, ಬಾಯಿಪಾಠ ಇರೋದನ್ನ ಹೇಳಿಸಿದ್ರು. ಪಾರ್ಕಲ್ಲಿ ಜೊತೆಯಾಗಿ ನಡೆಯೋರು ‘ನಾವು ಮಾತಾಡ್ಕೊಂಡೇ ನಡೀತೀವಿ, ಏನೂ ತೊಂದ್ರೆ ಇಲ್ಲ’ ಅಂತಾರಲ್ಲ, ಅದು ಪರೀಕ್ಷೆನೇ ಅಲ್ಲ. ಅದರಲ್ಲಿ ಅರ್ಧ ಹೊತ್ತು ಕೇಳಿಸ್ಕೊಳ್ತಿರ್ತೀವಿ, ‘ಹೂಂ’, ‘ಹೌದಾ’ ಅನ್ನೋಕೆ ಉಸಿರೇ ಬೇಕಿಲ್ಲ. ಅದಕ್ಕೆ ನಾನು ಹೇಳೋದು ಏಳರ ಮಗ್ಗಿ. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು ಅಂತ ಹತ್ತರವರೆಗೆ, ಪಕ್ಕದಲ್ಲಿರೋರಿಗೆ ಕೇಳೋ ಹಂಗೆ ದನಿ ತೆಗೆದು, ಮಾಮೂಲಿ ಸ್ಪೀಡಲ್ಲಿ. ಮಗ್ಗಿ ಬೇಡ ಅನ್ನೋರು ಅಶ್ವಿನಿ ಭರಣಿಯಿಂದ 27 ನಕ್ಷತ್ರ ಹೇಳ್ಬಹುದು. ದಿನಾ ಅದೇ ಇರ್ಬೇಕು ಅಷ್ಟೆ, ಆಗ್ಲೇ ನಿನ್ನೆಗೂ ಇವತ್ತಿಗೂ ಹೋಲಿಕೆ ಬರೋದು.

ಒಂದೇ ಉಸಿರಿಗೆ ನಾಲ್ಕೈದು ಸಾಲು ಹೋಗ್ತಿದೆ, ಹಾಡು ಗುನುಗೋಕೂ ಆಗ್ತಿದೆ ಅಂದ್ರೆ ನಡಿಗೆ ಇನ್ನೂ ಹಗುರ. ಎರಡು ಸಾಲಿಗೊಂದು ಉಸಿರು ಬೇಕು, ಆದ್ರೆ ಸಾಲು ಒಡೀತಿಲ್ಲ, ಮಾತು ಆಗುತ್ತೆ ಹಾಡು ಆಗಲ್ಲ ಅಂದ್ರೆ ಡಾಕ್ಟರ್ ಹೇಳಿದ ಬಿರುಸು ಅದೇ. ‘ಏಳ್ನಾಕ್ಲ’ ಅಂದು ಉಸಿರು ಎಳ್ಕೊಂಡು ಆಮೇಲೆ ‘ಇಪ್ಪತ್ತೆಂಟು’ ಅನ್ನೋ ಹಂಗಾದ್ರೆ ತೀವ್ರದ ಹಂತಕ್ಕೆ ಹೋಗಿದೀರಿ, ನಿಮ್ಗೆ ಈಗ ಅದು ಬೇಕಿಲ್ಲ. ಸ್ಪೀಡ್ ಬದಲಾಯಿಸಿದ ತಕ್ಷಣ ಪರೀಕ್ಷೆ ಮಾಡ್ಬೇಡಿ, ಉಸಿರು ಹೊಸ ಸ್ಪೀಡಿಗೆ ಹೊಂದ್ಕೊಳೋಕೆ ಎರಡು ಮೂರು ನಿಮಿಷ ಬೇಕು, ಅಷ್ಟು ನಡೆದ್ಮೇಲೆ ಮಗ್ಗಿ ಶುರು ಮಾಡಿ.

ಈಗ ನಾಡಿ. ಅಂಗೈ ಮೇಲೆ ಮಾಡಿ, ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಲ್ಲಿ ಮೂಳೆಗೂ ಹುರಿಯಂಗಿರೋ ಸ್ನಾಯುರಜ್ಜುಗೂ ನಡುವೆ ಒಂದು ಸಣ್ಣ ಗುಳಿ ಸಿಗುತ್ತೆ, ಇನ್ನೊಂದು ಕೈಯ ತೋರುಬೆರಳು ಮಧ್ಯದ ಬೆರಳು ಎರಡನ್ನೂ ಅಲ್ಲಿ ಮೆತ್ತಗೆ ಇಡಿ. ಹೆಬ್ಬೆರಳು ಇಡ್ಬೇಡಿ, ಅದರದ್ದೇ ಬಡಿತ ಲೆಕ್ಕಕ್ಕೆ ಸೇರ್ಕೊಂಡ್ಬಿಡುತ್ತೆ. ಮನೇಲಿ ಕೂತು ನಾಲ್ಕು ದಿನ ಅಭ್ಯಾಸ ಮಾಡಿ, ಕಣ್ಮುಚ್ಚಿ ಇಟ್ರೂ ಬೆರಳು ಅಲ್ಲೇ ಹೋಗ್ಬೇಕು, ಯಾಕಂದ್ರೆ ನಡಿಗೆ ನಿಲ್ಸಿದ ಮೇಲೆ ಹುಡುಕೋಕೆ ಟೈಮ್ ಇರಲ್ಲ. ಸೆಕೆಂಡ್ ಮುಳ್ಳಿರೋ ಮಾಮೂಲಿ ವಾಚ್ ಇದ್ರೆ ಸಾಕು. ಎಣಿಕೆ ಶುರು ಮಾಡೋ ಬಡಿತಕ್ಕೆ ಸೊನ್ನೆ, ಮುಂದಿನದಕ್ಕೆ ಒಂದು, ಹಿಂಗೆ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಪೂರ್ತಿ ನಿಮಿಷ ಎಣಿಸಿದ್ರೆ ಇನ್ನೂ ಕರೆಕ್ಟಾಗಿ ಬರುತ್ತೆ ಅಂತ ತುಂಬಾ ಜನ ಅನ್ಕೋತಾರೆ, ಇಲ್ಲಿ ಅದು ಉಲ್ಟಾ, ನಿಂತ ಮೊದಲ ನಿಮಿಷದಲ್ಲೇ ಬಡಿತ 15-20 ಇಳಿದುಬಿಡಬಹುದು, ನೀವು ಎಣಿಸೋದು ನಡಿಗೆಯ ನಾಡಿನಲ್ಲ, ಸುಧಾರಿಸ್ಕೊಳ್ತಿರೋ ನಾಡಿನ. ಹಂಗಂತ 10 ಸೆಕೆಂಡಿಗೆ ಇಳಿಸಿದ್ರೆ ಒಂದು ಬಡಿತ ತಪ್ಪಿದ್ರೂ 6 ತಪ್ಪುತ್ತೆ. 15 ಸೆಕೆಂಡ್ ಒಳ್ಳೇ ಹದ.

ನಿಮ್ಮ ಲೆಕ್ಕ ಹಿಂಗೆ ಬರುತ್ತೆ. 220ರಲ್ಲಿ 52 ಕಳೆದ್ರೆ 168, ಇದು ಅಂದಾಜಿನ ಗರಿಷ್ಠ ಬಡಿತ. ಡಾಕ್ಟರ್ ಹೇಳಿದ ಬಿರುಸು, ಅಂದ್ರೆ ಮಧ್ಯಮ ತೀವ್ರತೆ, ಇದರ ಶೇಕಡ 64ರಿಂದ 76, ಅಂದ್ರೆ ಸುಮಾರು 108ರಿಂದ 128. 15 ಸೆಕೆಂಡಿಗೆ 27ರಿಂದ 32. ಈ ಎರಡು ಅಂಕಿ ನೆನಪಿಟ್ಕೊಂಡ್ರೆ ಸಾಕು, ನಡೆಯುವಾಗ ಗುಣಾಕಾರ ಮಾಡೋ ಗೋಜೇ ಇಲ್ಲ. ಆದ್ರೆ ಆ 220 ಅನ್ನೋದು ನಿಮ್ಮನ್ನ ಅಳೆದು ಬಂದದ್ದಲ್ಲ, ಸರಾಸರಿ. ಒಂದೇ ವಯಸ್ಸಿನ ಇಬ್ಬರಲ್ಲಿ ನಿಜವಾದ ಗರಿಷ್ಠ ಬಡಿತ ಹತ್ತು ಹನ್ನೆರಡು ಆಚೀಚೆ ಇರೋದು ತೀರಾ ಮಾಮೂಲು, ಇನ್ನೂ ಹೆಚ್ಚೂ ಇರ್ಬಹುದು. ನಿಮ್ಮದು ನಿಜಕ್ಕೂ 180 ಆಗಿದ್ರೆ ನಿಮ್ಮ ಹದ 29ರಿಂದ 34, 156 ಆಗಿದ್ರೆ 25ರಿಂದ 30ರೊಳಗೆ. ಅದಕ್ಕೇ ನಾಡಿಗೆ ತೀರ್ಪು ಬಿಡ್ಬಾರ್ದು ಅಂದಿದ್ದು. ಮೊದಲು ಮಗ್ಗಿಯಿಂದ ನಿಮ್ಮ ಹದ ಹುಡುಕ್ಕೊಳ್ಳಿ, ಆ ಹದದಲ್ಲಿ ನಾಡಿ ಎಷ್ಟಿರುತ್ತೆ ಅಂತ ಎಣಿಸಿ ಬರೆದಿಡಿ, ಅದು ನಿಮ್ಮ ಸ್ವಂತ ನಂಬರ್.

ನಮ್ಮ ಚಿಕ್ಕಪ್ಪಂಗೂ ನಿಮ್ಮಷ್ಟೇ ವಯಸ್ಸು. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಡಿಸೆಂಬರ್‌ನಲ್ಲಿ ಒಂದಿನ ಬೆಳಗ್ಗೆ ಅವ್ರ ಜೊತೆ ಹೋಗಿದ್ದೆ. ಅವ್ರ ದಿನದ ಸ್ಪೀಡಲ್ಲಿ ಐದಾರು ನಿಮಿಷ ನಡೆದು ಮಗ್ಗಿ ಹೇಳಿದ್ರು, ಎಲ್ಲೂ ತಡೀಲಿಲ್ಲ, ಏಳ್ಹತ್ಲ ಎಪ್ಪತ್ತು ಅಂದ ಮೇಲೂ ದನಿ ಹಂಗೇ ಇತ್ತು, ನಾಡಿ 15 ಸೆಕೆಂಡಿಗೆ 24. ಇಷ್ಟು ದಿನ ಅದನ್ನೇ ಬಿರುಸು ಅನ್ಕೊಂಡಿದ್ರು. ‘ಬಸ್ಸು ಹೊರಡೋ ಹೊತ್ತಾಗಿದೆ ಅನ್ನೋ ಹಂಗೆ ನಡೀರಿ ಚಿಕ್ಕಪ್ಪ’ ಅಂದೆ. ಮೂರು ನಿಮಿಷ ಆದ್ಮೇಲೆ ಎರಡೆರಡು ಸಾಲಿಗೆ ಉಸಿರು ತಗೊಳೋಕೆ ಶುರುವಾಯ್ತು, ನಿಂತು ಎಣಿಸಿದ್ರೆ 29. ಇನ್ನೂ ಜೋರು ಮಾಡಿದಾಗ ಏಳ್ಮೂರ್ಲ ಹತ್ರಾನೇ ಮಾತು ಮುರೀತು, ನಾಡಿ 35. ಅವ್ರ ಹದ 29ರ ಸುತ್ತಮುತ್ತ ಅಂತ ಅವತ್ತೇ ಗೊತ್ತಾಯ್ತು, ಈಗ ವಾರಕ್ಕೊಂದ್ಸಲ ಮಾತ್ರ ನಾಡಿ ನೋಡ್ತಾರೆ, ಮಗ್ಗಿ ದಿನಾ.

ಎರಡೂ ಒಂದೇ ಮಾತು ಹೇಳಿದ್ರೆ ಸಮಸ್ಯೆ ಇಲ್ಲ, ಬೇರೆ ಬೇರೆ ಹೇಳಿದಾಗ್ಲೇ ಇವು ನಿಜಕ್ಕೂ ಕೆಲಸಕ್ಕೆ ಬರೋದು. ಏಪ್ರಿಲ್‌ನಲ್ಲಿ ಒಂದು ಸಂಜೆ ಆಗಿನ ದಿನದ ಸ್ಪೀಡಲ್ಲಿ ಚಿಕ್ಕಪ್ಪನ ಮಗ್ಗಿ ಎರಡು ಸಾಲಿಗೊಂದು ಉಸಿರಲ್ಲೇ ಇತ್ತು, ನಾಡಿ ಮಾತ್ರ 33. ಸೆಖೆಗೆ ಚರ್ಮ ತಂಪು ಮಾಡೋಕೆ ರಕ್ತ ಆ ಕಡೆ ಹರಿಯುತ್ತೆ, ಬೆವರಲ್ಲಿ ನೀರೂ ಹೋಗುತ್ತೆ, ಕಾಲಿಗೆ ಅಷ್ಟೇ ರಕ್ತ ಕಳಿಸೋಕೆ ಹೃದಯ ಹೆಚ್ಚು ಸಲ ಬಡಿಬೇಕು. ಕಾಲಿನ ಕೆಲಸ ಜಾಸ್ತಿ ಆಗಿಲ್ಲ, ಹೃದಯದ ಕೆಲಸ ಆಗಿದೆ. ಇಂಥ ದಿನ ಮಾತು ಸರಿ ಇದೆ ಅಂತ ಎಳೀಬೇಡಿ, ನೀರು ಕುಡಿದು ಸ್ಪೀಡ್ ಇಳಿಸಿ. ಕರಾವಳಿ ಕಡೆಯವ್ರಿಗೆ ಈ ಅಂತರ ವರ್ಷದಲ್ಲಿ ತುಂಬಾ ದಿನ ಕಾಣ್ಸುತ್ತೆ. ರಾತ್ರಿ ನಿದ್ದೆಗೆಟ್ಟಾಗ, ಜ್ವರ ಬರೋ ಮುಂಚೆನೂ ಹಿಂಗಾಗುತ್ತೆ.

ಇದಕ್ಕೆ ಉಲ್ಟಾ ಆಗಿದ್ದು ನಮ್ಮ ಅತ್ತೆಗೆ, ಇದನ್ನ ಸ್ವಲ್ಪ ಗಮನ ಇಟ್ಟು ಓದಿ. ಅವ್ರಿಗೆ 60, ಬಿಪಿಗೆ ಮೆಟೊಪ್ರೊಲಾಲ್ ಮಾತ್ರೆ ತಗೊಳ್ತಾರೆ. ಯಾರೋ ಬರೆದುಕೊಟ್ಟ ಚೀಟಿ ಪ್ರಕಾರ ಅವ್ರ ವಯಸ್ಸಿಗೆ 15 ಸೆಕೆಂಡಿಗೆ ಕಡಿಮೆ ಅಂದ್ರೂ 26 ಬರ್ಬೇಕು. ಎಷ್ಟು ನಡೆದ್ರೂ 22 ದಾಟ್ತಿರಲಿಲ್ಲ, ತಾನು ನಡೆಯೋ ಸ್ಪೀಡ್ ಸಾಲ್ತಿಲ್ಲ ಅಂತ ಜೋರು ಮಾಡ್ತಾ ಮಾಡ್ತಾ ಒಂದಿನ ತಲೆ ಸುತ್ತಿ ಕಟ್ಟೆ ಮೇಲೆ ಕೂತ್ಬಿಟ್ರು. ಮಾರನೇ ದಿನ ಜೊತೆಗೆ ಹೋಗಿ ನೋಡಿದ್ರೆ 22 ಇದ್ದಾಗ್ಲೇ ಮಗ್ಗಿ ಸಾಲು ಸಾಲಿಗೂ ಒಡೀತಿತ್ತು. ಮೆಟೊಪ್ರೊಲಾಲ್, ಅಟೆನೊಲಾಲ್, ಬಿಸೊಪ್ರೊಲಾಲ್ ಇವೆಲ್ಲ ಬೀಟಾ ಬ್ಲಾಕರ್ ಮಾತ್ರೆಗಳು, ಹೃದಯ ಜೋರಾಗಿ ಬಡಿಯದ ಹಂಗೆ ತಡೆಯೋದೇ ಅವುಗಳ ಕೆಲಸ, ಹಂಗಾಗಿ 220ರ ಲೆಕ್ಕ ಇವ್ರಿಗೆ ಅನ್ವಯಿಸೋದೇ ಇಲ್ಲ. ಮಾತಿನ ಪರೀಕ್ಷೆ ಅನ್ವಯಿಸುತ್ತೆ. ಅತ್ತೆ ಈಗ ಎರಡು ಸಾಲಿಗೊಂದು ಉಸಿರಿನ ಸ್ಪೀಡಲ್ಲಿ ನಡೀತಾರೆ, ನಾಡಿ 20 ಇರುತ್ತೆ, ಅವ್ರ ಡಾಕ್ಟರ್ ಕೂಡ ಸರಿ ಅಂದಿದಾರೆ. ನೀವು ಮಾತ್ರೆ ತಗೊಳ್ತಿದ್ರೆ ಅದರ ಹೆಸರು ಒಮ್ಮೆ ನೋಡ್ಕೊಳಿ. ತುಂಬಾ ವರ್ಷದಿಂದ ಶುಗರ್ ಇರೋ ಕೆಲವ್ರಿಗೂ ಹೃದಯಕ್ಕೆ ಹೋಗೋ ನರಗಳು ದುರ್ಬಲ ಆಗಿ ನಾಡಿ ಸರಿಯಾಗಿ ಏರಲ್ಲ, ಬಾರ್ಡರ್‌ನಲ್ಲಿರೋ ನಿಮ್ಗೆ ಆ ಸಾಧ್ಯತೆ ಕಡಿಮೆ.

ಮಾತೂ ತಪ್ಪು ಹೇಳೋ ಸಂದರ್ಭ ಇದೆ. ಆಸ್ತಮಾ ಇದ್ರೆ, ನೆಗಡಿಯಿಂದ ಮೂಗು ಕಟ್ಟಿದ್ರೆ, ಕಾಲಿಗೆ ಏನೂ ಕಷ್ಟ ಆಗದಿದ್ರೂ ಉಸಿರು ಮೊದಲೇ ಸಾಲದೆ ಹೋಗುತ್ತೆ, ಮಗ್ಗಿ ಒಡೆಯುತ್ತೆ, ನಾಡಿ ನೋಡಿದ್ರೆ 23-24. ಆಗ್ಲೂ ಜೋರು ಮಾಡೋಕೆ ಹೋಗ್ಬೇಡಿ, ಅವತ್ತಿನ ಮಿತಿ ಉಸಿರಿನದ್ದು, ಹೃದಯದ್ದಲ್ಲ ಅಂತ ಅಷ್ಟು ತಿಳ್ಕೊಳಿ. ಮೂಗು ಸರಿ ಇದ್ದೂ, ಹವೆ ತಂಪಿದ್ದೂ, ದಿನದ ಸ್ಪೀಡಲ್ಲೇ ವಾರಗಟ್ಟಲೆ ಮಗ್ಗಿ ಬೇಗ ಒಡೀತಾ ಇದ್ರೆ, ಇಲ್ಲ ನಾಡಿ ಎಣಿಸುವಾಗ ತಾಳ ತಪ್ಪಿ ತಪ್ಪಿ ಬಡೀತಿದ್ರೆ ಡಾಕ್ಟರಿಗೆ ತೋರಿಸಿ. ಎದೆ ಬಿಗಿತ, ದವಡೆಗೋ ತೋಳಿಗೋ ಹಬ್ಬೋ ನೋವು, ಕಣ್ಣು ಕತ್ತಲೆ ಬಂದ್ರೆ ಈ ಯಾವ ಲೆಕ್ಕನೂ ಬೇಡ, ನಡಿಗೆ ನಿಲ್ಸಿ ತಕ್ಷಣ ಆಸ್ಪತ್ರೆಗೆ ಹೋಗಿ.

ನಿಮ್ಗೆ ನಾನು ಹೇಳೋದು, ಮೊದಲ ವಾರ ಒಂದೇ ದಾರಿ, ಒಂದೇ ಹೊತ್ತು ಇಟ್ಕೊಳಿ, ಐದು ನಿಮಿಷ ನಿಧಾನಕ್ಕೆ ನಡೆದು ಆಮೇಲೆ ಸ್ಪೀಡ್ ಏರಿಸಿ, ಹತ್ತನೇ ನಿಮಿಷಕ್ಕೆ ಒಂದ್ಸಲ ಇಪ್ಪತ್ತೈದನೇ ನಿಮಿಷಕ್ಕೆ ಒಂದ್ಸಲ ಮಗ್ಗಿ ಹೇಳಿ ನಾಡಿ ಎಣಿಸಿ, ಕ್ಯಾಲೆಂಡರ್ ಮೇಲೆ ಆ ದಿನದ ಮನೇಲಿ ‘2 ಸಾಲು, 29’ ಅಂತ ಬರೀರಿ. ಚಿಕ್ಕಪ್ಪನ ಕ್ಯಾಲೆಂಡರ್‌ನಲ್ಲಿ ಡಿಸೆಂಬರ್‌ನಲ್ಲಿ ಹಂಗಿದ್ದಿದ್ದು ಫೆಬ್ರವರಿ ಕೊನೆಗೆ ಅದೇ ದಾರಿ ಅದೇ ಸ್ಪೀಡಿಗೆ ‘4 ಸಾಲು, 26’ ಆಗಿತ್ತು. ಅಂದ್ರೆ ಆ ಸ್ಪೀಡ್ ಅವ್ರಿಗೆ ಹಗುರ ಆಗೋಗಿತ್ತು, ಮಾರನೇ ದಿನದಿಂದ ಹೆಜ್ಜೆ ಇನ್ನಷ್ಟು ಬಿರುಸು ಮಾಡಿದ್ರು, ಮಗ್ಗಿ ಮತ್ತೆ ಎರಡು ಸಾಲಿಗೆ ಬಂತು.