ಕುಕ್ಕರ್ ಇಟ್ಟಾಗಲೇ ಆರಿಹೋಗುವ ಇಂಡಕ್ಷನ್ ಒಲೆ

ಅನ್ನಕ್ಕೆ ಕುಕ್ಕರ್ ಇಟ್ಟು ಹತ್ತು ನಿಮಿಷ ಆಗಿರುತ್ತದೆ. ಇನ್ನೇನು ಮೊದಲ ವಿಷಲ್ ಬರಬೇಕು ಎನ್ನುವಷ್ಟರಲ್ಲಿ ಒಲೆ ಟೀ ಟೀ ಎಂದು ಕೂಗಿ ನಿಂತುಬಿಡುತ್ತದೆ. ಪರದೆಯಲ್ಲಿ E ಅಕ್ಷರ, ಪಕ್ಕದಲ್ಲೊಂದು ಅಂಕಿ. ಕಾಲು ಗಂಟೆ ಬಿಟ್ಟು ಮತ್ತೆ ಹಚ್ಚಿದರೆ ಏನೂ ಆಗದ ಹಾಗೆ ಉರಿಯುತ್ತದೆ. ಬೆಳಗಿನ ಹಾಲು ಕಾಯಿಸುವಾಗ ಮಾತ್ರ ಈ ತಂಟೆ ಇಲ್ಲ. ಹಾಗಾಗಿ ಮನೆಯವರು ಕುಕ್ಕರನ್ನೇ ಬೈಯುತ್ತಾರೆ, ಅಂಗಡಿಯವನು ಬೋರ್ಡ್ ಬದಲಿಸಬೇಕು ಎನ್ನುತ್ತಾನೆ. ಎರಡೂ ಪೂರ್ತಿ ನಿಜವಲ್ಲ.

ಮೊದಲು ಆ ಅಂಕಿಯ ವಿಷಯ. ಎಲ್ಲ ಕಂಪನಿಗಳಿಗೂ ಒಪ್ಪುವ ಒಂದೇ ಪಟ್ಟಿ ಎಂಬುದು ಇಲ್ಲ. ಒಂದು ಒಲೆಯಲ್ಲಿ E2 ಎಂದರೆ ವೋಲ್ಟೇಜ್ ಹೆಚ್ಚು ಎಂದಾದರೆ ಇನ್ನೊಂದರಲ್ಲಿ ಅದೇ E2 ಸೆನ್ಸರ್ ಕೆಟ್ಟಿದೆ ಎಂದಿರಬಹುದು. ನಿಮ್ಮ ಮಾಡೆಲ್‌ನ ಕೈಪಿಡಿಯಲ್ಲಿರುವ ಪಟ್ಟಿಯನ್ನು ಮಾತ್ರ ನಂಬಿ. ಬೇರೆ ಕಂಪನಿಯ ಪಟ್ಟಿ ಓದಿ ಬಿಡಿಭಾಗ ಕೊಂಡರೆ ದುಡ್ಡು ದಂಡ. ಕೈಪಿಡಿ ಕಳೆದುಹೋಗಿದ್ದರೆ ಗಡಿಯಾರ ನೋಡಿ. ಒಲೆ ಎಷ್ಟು ಹೊತ್ತಿಗೆ ಆರುತ್ತದೆ ಎಂಬುದು ಎಷ್ಟೋ ಸಲ ಆ ಅಂಕಿಗಿಂತ ಹೆಚ್ಚು ಹೇಳುತ್ತದೆ.

ಒತ್ತಿದ ಕೂಡಲೇ ಕೂಗಿ, ಒಂದು ನಿಮಿಷದೊಳಗೆ ಆರಿದರೆ ಅದು ಪಾತ್ರೆಯನ್ನು ಗುರುತಿಸಿಲ್ಲ ಎಂದರ್ಥ. ಖಾಲಿ ಬಾಣಲೆಯನ್ನೋ ದೋಸೆ ಕಾವಲಿಯನ್ನೋ ಜೋರು ಉರಿಯಲ್ಲಿಟ್ಟು ಎರಡು ಮೂರು ನಿಮಿಷಕ್ಕೆ ಆರಿದರೆ ಗಾಜಿನ ಕೆಳಗಿನ ಸೆನ್ಸರ್ ತನ್ನ ಕೆಲಸ ಮಾಡಿದೆ, ಒಲೆ ಕೆಟ್ಟಿಲ್ಲ. ನೀರಿರುವ ಪಾತ್ರೆ ಇಟ್ಟಾಗಲೂ ಎಂಟು ಹತ್ತು ನಿಮಿಷ ಚೆನ್ನಾಗಿ ಉರಿದು ಆರಿದರೆ, ತಣ್ಣಗಾದ ಮೇಲೆ ಮತ್ತೆ ಉರಿದರೆ, ಒಲೆಯ ಹೊಟ್ಟೆಯೊಳಗೆ ಬಿಸಿ ಏರುತ್ತಿದೆ. ಸಂಜೆ ಹೊತ್ತು ಬಲ್ಬು ಮಂಕಾದಾಗ ಮಾತ್ರ ಆರುತ್ತಿದ್ದರೆ ವೋಲ್ಟೇಜ್ ಕಡಿಮೆ. ಕೊನೆಯದಕ್ಕೆ ಒಲೆಯಲ್ಲಿ ಮಾಡುವುದೇನೂ ಇಲ್ಲ. ಸಾಕೆಟ್ 16 ಆಂಪಿಯರ್‌ನದೇ, ಪ್ಲಗ್ಗಿನ ಪಿನ್ ಕಪ್ಪಾಗಿದೆಯೇ ಎಂದಷ್ಟೇ ನೋಡಿ. 2000 ವ್ಯಾಟ್ ಒಲೆ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ. ಟಿವಿಗೆ ತಂದ ಎಕ್ಸ್‌ಟೆನ್ಷನ್ ಬೋರ್ಡ್ ಅದನ್ನು ತಾಳುವುದಿಲ್ಲ.

ಇನ್ನು ಪಾತ್ರೆ. ತಳಕ್ಕೆ ಆಯಸ್ಕಾಂತ ಅಂಟಿದರೆ ಸಾಕು ಎಂಬ ಮಾತು ಅರ್ಧ ಸರಿ. ಒಲೆಯ ಕೆಳಗಿನ ತಂತಿಸುರುಳಿ ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಕಬ್ಬಿಣದಂಥ ಲೋಹದಲ್ಲಿ ಇದರಿಂದೇಳುವ ವಿದ್ಯುತ್ತು ಮೇಲ್ಮೈಯ ತೀರಾ ತೆಳುವಾದ ಪದರದಲ್ಲಷ್ಟೇ ಹರಿಯುತ್ತದೆ. ಇಕ್ಕಟ್ಟಿನಲ್ಲಿ ಹರಿಯುವುದರಿಂದ ತಡೆ ಹೆಚ್ಚು, ಬಿಸಿಯೂ ಹೆಚ್ಚು. ಅಲ್ಯುಮಿನಿಯಂ, ತಾಮ್ರ, ಹಿತ್ತಾಳೆಗಳಲ್ಲಿ ಈ ಇಕ್ಕಟ್ಟು ಕಡಿಮೆ, ತಡೆಯೂ ತೀರಾ ಕಡಿಮೆ. ಹಾಗಾಗಿ ಮಾಮೂಲಿ ಒಲೆ ಅವನ್ನು ಪಾತ್ರೆ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಪ್ಪು ಬಣ್ಣದ ಹಾರ್ಡ್ ಅನೋಡೈಸ್ಡ್ ಪಾತ್ರೆಯೂ ಒಳಗೆ ಅಲ್ಯುಮಿನಿಯಮ್ಮೇ. ಸ್ಟೀಲಿನಲ್ಲೂ ಎರಡು ಬಗೆ. 430 ದರ್ಜೆಯದಕ್ಕೆ ಆಯಸ್ಕಾಂತ ಗಟ್ಟಿಯಾಗಿ ಹಿಡಿಯುತ್ತದೆ, 304 ದರ್ಜೆಯದಕ್ಕೆ ಹಿಡಿಯುವುದೇ ಇಲ್ಲ ಎನ್ನಬಹುದು.

ತೊಡಕಿರುವುದು ನಡುವಿನ ಜಾತಿಯ ಪಾತ್ರೆಗಳಲ್ಲಿ. ‘ಇಂಡಕ್ಷನ್ ಬೇಸ್’ ಎಂದು ಬರೆದ ಹಲವು ಅಲ್ಯುಮಿನಿಯಂ ಕುಕ್ಕರ್‌ಗಳ ತಳವನ್ನು ತಿರುಗಿಸಿ ನೋಡಿ. ಜರಡಿಯಂತೆ ತೂತುತೂತಾದ ತೆಳು ಸ್ಟೀಲ್ ತಗಡನ್ನು ಅಲ್ಯುಮಿನಿಯಂಗೆ ಒತ್ತಿ ಕೂರಿಸಿರುತ್ತಾರೆ. ಆಯಸ್ಕಾಂತ ಅಂಟುತ್ತದೆ, ಒಲೆಯೂ ಗುರುತಿಸುತ್ತದೆ. ಆದರೆ ತೂತುಗಳಲ್ಲಿ ಕಾಣುವುದೆಲ್ಲ ಅಲ್ಯುಮಿನಿಯಂ. ಆ ತಗಡು ತಳದ ಅಂಚಿನವರೆಗೂ ಬಂದಿರುವುದಿಲ್ಲ. ಬಳಸುತ್ತ ಬಳಸುತ್ತ ತಳ ಉಬ್ಬಿದ್ದರೆ ಗಾಜಿಗೂ ತಳಕ್ಕೂ ನಡುವೆ ಸಂದು ಬೇರೆ. ಸ್ಟೀಲ್ ಅಳತೆಪಟ್ಟಿಯನ್ನು ತಳಕ್ಕೆ ಅಡ್ಡಲಾಗಿ ನಿಲ್ಲಿಸಿ ಬೆಳಕಿಗೆ ಹಿಡಿದರೆ ಉಬ್ಬು ತಿಳಿಯುತ್ತದೆ. ಇಂಥ ಪಾತ್ರೆ ಇಟ್ಟಾಗ ಪರದೆಯಲ್ಲಿ 1600 ಎಂದೇ ಇರುತ್ತದೆ. ಅದು ನೀವು ಕೇಳಿದ ವ್ಯಾಟ್, ಪಾತ್ರೆ ತೆಗೆದುಕೊಂಡ ವ್ಯಾಟ್ ಅಲ್ಲ.

ನಿಜವಾಗಿ ಎಷ್ಟು ಎಳೆಯುತ್ತಿದೆ ಎಂದು ತಿಳಿಯಲು ಮನೆಯ ಡಿಜಿಟಲ್ ಕರೆಂಟ್ ಮೀಟರೇ ಸಾಕು. ಅದರ ಮೇಲೊಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂದು ಬರೆದಿರುತ್ತದೆ. 3200 imp/kWh ಎಂದಿದೆ ಎಂದುಕೊಳ್ಳಿ. ಫ್ರಿಜ್, ಫ್ಯಾನ್, ಪಂಪು ಎಲ್ಲ ಆರಿಸಿ, ಒಲೆಯನ್ನು 1600ಕ್ಕೆ ಇಟ್ಟು, ಒಂದು ನಿಮಿಷ ಮೊಬೈಲಿನಲ್ಲಿ ಮೀಟರಿನ ವಿಡಿಯೊ ತೆಗೆದುಕೊಳ್ಳಿ, ಆಮೇಲೆ ನಿಧಾನವಾಗಿ ಎಣಿಸಿ. ಮಿಣುಕುಗಳನ್ನು 60ರಿಂದ ಗುಣಿಸಿ 3200ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಸಮತಟ್ಟಾದ ಕಬ್ಬಿಣದ ತಳವಿರುವ ಸ್ಟೀಲ್ ಪಾತ್ರೆಗೆ 85 ಬಂತು ಎಂದರೆ 1600 ವ್ಯಾಟ್, ಕೇಳಿದ್ದು ಸಿಕ್ಕಿದೆ. ಅದೇ ಒಲೆಯಲ್ಲಿ ತೂತು ತಗಡಿನ ಕುಕ್ಕರ್‌ಗೆ 55 ಬಂತು ಎಂದುಕೊಳ್ಳೋಣ. ಅದು ಸುಮಾರು 1030 ವ್ಯಾಟ್.

ಈಗ ಎರಡರಲ್ಲೂ ಎರಡೆರಡು ಲೀಟರ್ ನೀರು ಹಾಕಿ ಮುಚ್ಚಿಡಿ. 25 ಡಿಗ್ರಿಯ ನೀರು ಕುದಿಯಲು ಸುಮಾರು 630 ಕಿಲೋಜೂಲ್ ಬೇಕು. (ಬೆಂಗಳೂರಿನ ಎತ್ತರದಲ್ಲಿ ನೀರು 97 ಡಿಗ್ರಿಗೇ ಕುದಿಯುವುದರಿಂದ ಚೂರು ಕಡಿಮೆ.) ಎಳೆದ ಕರೆಂಟಿನಲ್ಲಿ ನೂರಕ್ಕೆ 85 ಪಾಲು ನೀರಿಗೆ ಹೋಯಿತೆಂದರೂ ಸ್ಟೀಲ್ ಪಾತ್ರೆಗೆ ಎಂಟು ನಿಮಿಷ. ಕುಕ್ಕರ್‌ನಲ್ಲಿ ಹಾಳಾಗುವ ಪಾಲೂ ಜಾಸ್ತಿ, ಹನ್ನೆರಡು ಹದಿಮೂರು ನಿಮಿಷ ಹಿಡಿಯುತ್ತದೆ. ಗುಟ್ಟು ಇರುವುದು ಇಲ್ಲಿ. ಒಲೆಯೊಳಗೆ ಬಿಸಿ ಮೆಲ್ಲಗೆ ಏರುತ್ತ ಹತ್ತನೇ ನಿಮಿಷಕ್ಕೆ ಮಿತಿ ಮುಟ್ಟುತ್ತದೆ ಎಂದಾದರೆ, ಸ್ಟೀಲ್ ಪಾತ್ರೆಯ ನೀರು ಅಷ್ಟರೊಳಗೇ ಕುದಿದು ಕೆಲಸ ಮುಗಿದಿರುತ್ತದೆ. ಕುಕ್ಕರ್ ಮಾತ್ರ ಸಿಕ್ಕಿಬೀಳುತ್ತದೆ. ದೋಷ ಒಲೆಯದು, ಅದನ್ನು ಬಯಲು ಮಾಡಿದ್ದು ಕುಕ್ಕರ್.

ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಒಲೆ ಪೂರ್ತಿ ತಣ್ಣಗಾದ ಮೇಲೆ ಅದೇ ಸ್ಟೀಲ್ ಪಾತ್ರೆಯಲ್ಲಿ ಎರಡರ ಬದಲು ನಾಲ್ಕು ಲೀಟರ್ ನೀರಿಟ್ಟು 1600ರಲ್ಲಿ ಉರಿಸಿ. ಕುದಿಯಲು ಹದಿನೈದು ನಿಮಿಷ ಬೇಕು. ನಡುವೆ ಎಲ್ಲೂ ನಿಲ್ಲದಿದ್ದರೆ ಒಲೆಯ ತಂಪು ಸರಿಯಿದೆ, ಕುಕ್ಕರ್ ಬದಲಿಸಿ. ಇದೂ ಹತ್ತು ನಿಮಿಷಕ್ಕೆ ಆರಿದರೆ ಹೊಸ ಕುಕ್ಕರ್ ಕೊಳ್ಳಬೇಡಿ, ಒಲೆಯನ್ನು ಮಗುಚಿ ಫ್ಯಾನ್ ನೋಡಿ.

ಬಿಸಿಯಾಗುವುದು ತಂತಿಸುರುಳಿಯ ಕರೆಂಟನ್ನು ಸರಸರನೆ ಹಚ್ಚಿ ಆರಿಸುವ ಐಜಿಬಿಟಿ ಎಂಬ ಸ್ವಿಚ್ಚು, ಅದರ ಬೆನ್ನಿಗೆ ಬಿಸಿ ಹೀರಿಕೊಳ್ಳುವ ಅಲ್ಯುಮಿನಿಯಂ ಹೀಟ್ ಸಿಂಕ್, ಅದರ ಮೇಲೆ ಗಾಳಿ ಬೀಸಲು ಒಂದು ಪುಟ್ಟ ಡಿಸಿ ಫ್ಯಾನ್. ಗಾಳಿ ಒಲೆಯ ಅಡಿಯಿಂದ ಒಳಗೆ ಹೋಗಿ ಹಿಂದಿನಿಂದಲೋ ಪಕ್ಕದಿಂದಲೋ ಹೊರಬರುತ್ತದೆ. ನಮ್ಮ ಅಡುಗೆಮನೆಯಲ್ಲಿ ಈ ಗಾಳಿ ಬರೀ ಗಾಳಿಯಲ್ಲ. ಒಗ್ಗರಣೆಯ ಎಣ್ಣೆ ಹಬೆ ರೆಕ್ಕೆಗೆ ಅಂಟುತ್ತದೆ, ಜಿಡ್ಡಿಗೆ ಧೂಳು, ಧೂಳಿಗೆ ಹಿಟ್ಟು ಅಂಟಿ ಹೀಟ್ ಸಿಂಕಿನ ಸಂದುಗಳಲ್ಲಿ ಕಂಬಳಿ ಹೊದೆಸಿದಂತಾಗುತ್ತದೆ. ಒಲೆಯ ಕೆಳಗೆ ಹಾಸಿದ ಪೇಪರನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಫ್ಯಾನ್ ಎಳೆದುಕೊಂಡು ಬಾಯಿ ಮುಚ್ಚಿಕೊಳ್ಳುವುದೂ ಉಂಟು. ಅದನ್ನು ತೆಗೆದದ್ದೇ ರಿಪೇರಿಯಾದ ಒಲೆಗಳು ಕಡಿಮೆಯಲ್ಲ. ಗೋಡೆಯಿಂದ ನಾಲ್ಕು ಬೆರಳಾದರೂ ದೂರ ಇಡಿ.

ಫ್ಯಾನ್ ತಿರುಗುತ್ತಿದೆ ಎಂದ ಮಾತ್ರಕ್ಕೆ ಸರಿಯಿದೆ ಎಂದಲ್ಲ. ಒಲೆ ಉರಿಯುವಾಗ ಹೊರಹೋಗುವ ಕಿಂಡಿಗೆ ಅಂಗೈ ಹಿಡಿಯಿರಿ. ಸಮನಾಗಿ ಬೆಚ್ಚನೆ ಗಾಳಿ ಬರಬೇಕು. ಸದ್ದು ಇದ್ದೂ ಗಾಳಿ ಇಲ್ಲದಿದ್ದರೆ ಸಂದು ಕಟ್ಟಿದೆ. ಎರಡೇ ತಂತಿಯ ಫ್ಯಾನ್ ಆದರೆ ಅದು ನಿಂತರೂ ಒಲೆಗೆ ನೇರವಾಗಿ ತಿಳಿಯುವುದಿಲ್ಲ. ವೇಗ ಹೇಳುವ ಮೂರನೇ ತಂತಿಯೇ ಅಲ್ಲಿಲ್ಲ. ಆದ್ದರಿಂದ ಪರದೆಯಲ್ಲಿ ಬರುವುದು ಫ್ಯಾನಿನ ಕೋಡ್ ಅಲ್ಲ, ಬಿಸಿಯ ಕೋಡ್.

ವಾರಂಟಿ ಇದ್ದರೆ ಬಿಚ್ಚಬೇಡಿ, ಅಡಿಯ ಕಿಂಡಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿದರೆ ಸಾಕು. ವಾರಂಟಿ ಮುಗಿದಿದ್ದು ಕೈಗೆ ಇಂಥ ಕೆಲಸ ರೂಢಿಯಿದ್ದರೆ ಪ್ಲಗ್ ಕಿತ್ತು ಹತ್ತು ನಿಮಿಷ ಕಾಯಿರಿ. ಒಳಗಿನ ಕೆಪ್ಯಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು. ಕಾದ ಮೇಲೂ ಬೋರ್ಡನ್ನಾಗಲಿ ಹೀಟ್ ಸಿಂಕನ್ನಾಗಲಿ ಬರಿಗೈಯಲ್ಲಿ ಮುಟ್ಟಬೇಡಿ, ಮುಚ್ಚಳ ತೆಗೆದಿಟ್ಟು ಎಂದೂ ಕರೆಂಟ್ ಕೊಡಬೇಡಿ. ಅಡಿಯ ಸ್ಕ್ರೂಗಳಲ್ಲಿ ಒಂದೆರಡು ರಬ್ಬರ್ ಕಾಲಿನ ಕೆಳಗೆ ಅಡಗಿರುತ್ತವೆ. ಗಾಜಿನ ಮುಚ್ಚಳವನ್ನು ಸರಕ್ಕನೆ ಎತ್ತಬೇಡಿ, ಬಟನ್ ಬೋರ್ಡಿನ ತಂತಿ ಅದಕ್ಕೇ ಸೇರಿರುತ್ತದೆ. ಮೊದಲೊಂದು ಫೋಟೊ ತೆಗೆದು ತಂತಿ ಬಿಡಿಸಿ.

ಫ್ಯಾನಿನ ರೆಕ್ಕೆಯನ್ನು ಒಂದು ಕಡ್ಡಿಯಿಂದ ತಡೆದು ಹಿಡಿದು, ಒಣ ಪೇಂಟ್ ಬ್ರಶ್ಶಿನಿಂದ ಹೀಟ್ ಸಿಂಕಿನ ಸಂದುಗಳ ಧೂಳನ್ನು ಬಿಡಿಸಿ, ಬ್ಲೋವರ್‌ನಿಂದ ಹೊರಕ್ಕೆ ಊದಿ. ರೆಕ್ಕೆಯ ಜಿಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿ ಸಾಕು, ಸೋಪು ನೀರು ಬೇಡ. ಆಮೇಲೆ ಕಡ್ಡಿಯಿಂದಲೇ ರೆಕ್ಕೆಯನ್ನು ಒಮ್ಮೆ ತಳ್ಳಿ. ಎರಡು ಮೂರು ಸುತ್ತು ತಾನೇ ತಿರುಗಿ ನಿಂತರೆ ಚೆನ್ನಾಗಿದೆ. ಅಂಟಿದಂತೆ ಗಕ್ಕನೆ ನಿಂತರೆ ಬೇರಿಂಗ್ ಹೋಗಿದೆ, ಎಣ್ಣೆ ಬಿಟ್ಟರೆ ನಾಲ್ಕು ದಿನವಷ್ಟೇ. ಹೊಸದು ತರುವಾಗ ಹಳೆಯದರ ಲೇಬಲ್ಲಿನ ವೋಲ್ಟ್ ನೋಡಿ. 12 ವೋಲ್ಟಿನದೂ 18 ವೋಲ್ಟಿನದೂ ನೋಡಲು ಒಂದೇ ತರಹ ಇರುತ್ತವೆ. ಅಗಲ, ತಂತಿಯ ಕನೆಕ್ಟರ್, ಗಾಳಿ ಬೀಸುವ ದಿಕ್ಕು ಮೂರೂ ಹೊಂದಬೇಕು.

ಮುಚ್ಚುವ ಮೊದಲು ಸುರುಳಿಯ ನಡುವಿನ ಪುಟ್ಟ ಸೆನ್ಸರ್ ನೋಡಿ. ಅದರ ಮೇಲಿನ, ಬಿಸಿ ದಾಟಿಸುವ ಬಿಳಿ ಥರ್ಮಲ್ ಪೇಸ್ಟ್ ಗಾಜಿಗೆ ತಾಗಬೇಕು. ಒಣಗಿ ಉದುರಿದ್ದರೆ ಸೆನ್ಸರಿಗೆ ಪಾತ್ರೆಯ ಬಿಸಿ ತಡವಾಗಿ ತಿಳಿಯುತ್ತದೆ, ಎಣ್ಣೆ ಹೊಗೆಯಾಡಿದರೂ ಒಲೆ ಆರುವುದಿಲ್ಲ. ಆರುವುದಕ್ಕಿಂತ ಇದು ಅಪಾಯ. ಹೊಸ ಪೇಸ್ಟ್ ಹಚ್ಚಿ.

ಮುಚ್ಚಳ ಕೂರಿಸಿ, ಎಲ್ಲ ಸ್ಕ್ರೂ ಬಿಗಿದ ಮೇಲೆ ಮತ್ತೆ ಅದೇ ನಾಲ್ಕು ಲೀಟರ್ ನೀರು, ಅದೇ 1600. ಹದಿನೈದು ನಿಮಿಷ ದಾಟಿದರೆ ಬಟನ್ ಒತ್ತಿ ಆರಿಸಿ. ಗೋಡೆಯ ಸ್ವಿಚ್ಚನ್ನು ಮಾತ್ರ ಫ್ಯಾನ್ ತಾನಾಗಿ ನಿಲ್ಲುವವರೆಗೂ ಮುಟ್ಟಬೇಡಿ. ಆಗಲೂ ಹತ್ತನೇ ನಿಮಿಷಕ್ಕೇ ಆರಿತು ಎಂದರೆ ಐಜಿಬಿಟಿಗೂ ಹೀಟ್ ಸಿಂಕಿಗೂ ನಡುವಿನ ಪೇಸ್ಟ್ ಒಣಗಿರಬಹುದು ಅಥವಾ ಅಲ್ಲಿನ ಸೆನ್ಸರ್ ತಪ್ಪು ಹೇಳುತ್ತಿರಬಹುದು. ಅದು ಮೆಕ್ಯಾನಿಕ್ ಕೆಲಸ. ಎಷ್ಟನೇ ನಿಮಿಷಕ್ಕೆ, ಎಷ್ಟು ವ್ಯಾಟ್‌ನಲ್ಲಿ, ಯಾವ ಪಾತ್ರೆಯಲ್ಲಿ ಆರಿತು ಎಂದು ಒಂದು ಚೀಟಿಯಲ್ಲಿ ಬರೆದು ಒಲೆಗೆ ಅಂಟಿಸಿ ಕೊಡಿ, ಬೋರ್ಡ್ ಬದಲಿಸುವ ಮೊದಲು ಆ ಎರಡನ್ನು ನೋಡಲು ಹೇಳಿ.