ಕಾಪಿ ಆನ್ ರೈಟ್: ಫೋರ್ಕ್ ಮಾಡಿದಾಗ ಮೆಮೊರಿ ನಿಜಕ್ಕೂ ನಕಲಾಗುತ್ತಾ?

ಹಾಸನದ ಒಂದು ಕಾಫಿ ಕ್ಯೂರಿಂಗ್ ಕಂಪನಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯುವ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು: "ಅಣ್ಣಾ, ಸರ್ವರ್‌ನಲ್ಲಿ ಇರೋದೇ 4 ಜಿಬಿ. `top` ನೋಡಿದ್ರೆ ನನ್ನ ಪ್ರೋಗ್ರಾಮಿನ ಐದು ಪ್ರೋಸೆಸ್ ಇವೆ, ಒಂದೊಂದೂ 1 ಜಿಬಿ ತೋರಿಸ್ತಿದೆ. ಐದು ಜಿಬಿ ಎಲ್ಲಿಂದ ಬಂತು?"

ಎಲ್ಲಿಂದಲೂ ಬಂದಿಲ್ಲ. ಒಂದೇ ಜಿಬಿಯನ್ನು ಐದು ಸಲ ಎಣಿಸಿದ್ದಾರೆ, ಅಷ್ಟೇ. ಅವನ ಪ್ರೋಗ್ರಾಮು ಮೊದಲು ಎಲ್ಲ ಲಾಟ್‌ಗಳ ಮಾಹಿತಿಯನ್ನು ಮೆಮೊರಿಗೆ ತುಂಬಿಕೊಳ್ಳುತ್ತದೆ, ಆಮೇಲೆ ನಾಲ್ಕು ಸಲ ಫೋರ್ಕ್ ಮಾಡಿ ತನ್ನಂಥದ್ದೇ ನಾಲ್ಕು ಪ್ರೋಸೆಸ್ ಹುಟ್ಟಿಸುತ್ತದೆ. `top` ತೋರಿಸುವ `RES` ಅನ್ನೋ ಅಂಕಿ ಆ ಪ್ರೋಸೆಸ್‌ಗೆ ಕಾಣುವ ರ‍್ಯಾಮ್ ಎಷ್ಟು ಅಂತ ಹೇಳುತ್ತದೆಯೇ ಹೊರತು, ಅದರಲ್ಲಿ ಅದರ ಸ್ವಂತದ್ದು ಎಷ್ಟು, ಬೇರೆಯವರ ಜೊತೆ ಹಂಚಿಕೊಂಡದ್ದು ಎಷ್ಟು ಅಂತ ಬಿಡಿಸಿ ಹೇಳುವುದಿಲ್ಲ.

ಫೋರ್ಕ್ ಕೊಡುವ ಮಾತು ಏನು? ಪೇರೆಂಟ್ ಪ್ರೋಸೆಸ್‌ನ ತದ್ರೂಪಿ ಇನ್ನೊಂದು ಹುಟ್ಟಬೇಕು, ಎರಡರ ಮೆಮೊರಿಯೂ ಬೇರೆ ಬೇರೆ ಇರಬೇಕು. ಚೈಲ್ಡ್ ಏನಾದರೂ ಬದಲಿಸಿದರೆ ಪೇರೆಂಟ್‌ಗೆ ಕಾಣಬಾರದು, ಪೇರೆಂಟ್ ಬದಲಿಸಿದ್ದು ಚೈಲ್ಡ್‌ಗೂ ಕಾಣಬಾರದು. ಈ ಮಾತು ಉಳಿಸಿಕೊಳ್ಳಲು ಸುಲಭದ ದಾರಿ ಅಂದರೆ ಇಡೀ ಮೆಮೊರಿಯನ್ನು ನಕಲು ಮಾಡಿಬಿಡುವುದು. ಹಳೆಯ ಯುನಿಕ್ಸ್ ಹಾಗೇ ಮಾಡುತ್ತಿತ್ತು. ಆದರೆ ಶೆಲ್‌ನಲ್ಲಿ `ls` ಅಂತ ಟೈಪ್ ಮಾಡಿದಾಗ ಆಗೋದನ್ನು ನೋಡಿ: ಶೆಲ್ ಫೋರ್ಕ್ ಆಗುತ್ತದೆ, ಹುಟ್ಟಿದ ಚೈಲ್ಡ್ ತಕ್ಷಣ `exec` ಕರೆದು ಶೆಲ್‌ನ ಮೆಮೊರಿಯನ್ನೆಲ್ಲ ಬಿಸಾಕಿ `ls` ಆಗಿಬಿಡುತ್ತದೆ. ಬಿಸಾಕೋದಕ್ಕೆ ಅಂತ ಯಾರಾದರೂ ಅಷ್ಟು ಕಷ್ಟಪಟ್ಟು ನಕಲು ಮಾಡ್ತಾರಾ? ಈ ದಂಡದ ಕೆಲಸ ತಪ್ಪಿಸಲೆಂದೇ 1979ರ 3ಬಿಎಸ್‌ಡಿಯಲ್ಲಿ `vfork` ಬಂತು. ಅದರಲ್ಲಿ ಚೈಲ್ಡ್ ಪೇರೆಂಟ್‌ನ ಮೆಮೊರಿಯಲ್ಲೇ ಓಡುತ್ತದೆ, `exec` ಆಗುವ ತನಕ ಪೇರೆಂಟ್ ಕಾಯುತ್ತಾ ನಿಂತಿರುತ್ತದೆ. ವೇಗವೇನೋ ಇದೆ, ಆದರೆ ಚೈಲ್ಡ್ ಸ್ವಲ್ಪ ಎಡವಿದರೂ ಪೇರೆಂಟ್‌ನ ಮೆಮೊರಿ ಕೆಡುತ್ತದೆ.

ಕಾಪಿ ಆನ್ ರೈಟ್ ಹಿಡಿದದ್ದು ಬೇರೆ ದಾರಿ. ಅಣ್ಣ ತಮ್ಮ ಪಾಲಾದಾಗ ತೋಟದ ಲೆಕ್ಕದ ಪುಸ್ತಕ ಇಬ್ಬರಿಗೂ ಬೇಕು ಅಂದುಕೊಳ್ಳಿ. ಓದೋದಕ್ಕೆ ಒಂದೇ ಪುಸ್ತಕ ಸಾಕು, ಯಾರು ಯಾವ ಪುಟದಲ್ಲಿ ತಿದ್ದಬೇಕೋ ಅವರು ಆ ಪುಟವನ್ನು ಮಾತ್ರ ಜೆರಾಕ್ಸ್ ಮಾಡಿಸಿಕೊಂಡು ತಮ್ಮ ಪ್ರತಿಯಲ್ಲಿ ತಿದ್ದಿಕೊಂಡರಾಯಿತು.

ಕರ್ನಲ್ ಒಳಗೆ ಇದು ನಡೆಯೋದು ಹೀಗೆ. ಮೆಮೊರಿ ಸಾಮಾನ್ಯವಾಗಿ 4 ಕೆಬಿಯ ಪೇಜ್‌ಗಳಾಗಿ ಇರುತ್ತದೆ. ಪ್ರೋಸೆಸ್‌ನ ಯಾವ ವಿಳಾಸ ರ‍್ಯಾಮ್‌ನ ಯಾವ ಪೇಜ್‌ಗೆ ಹೋಗುತ್ತದೆ ಅನ್ನೋದು ಪೇಜ್ ಟೇಬಲ್‌ನಲ್ಲಿ ಇರುತ್ತದೆ. ಫೋರ್ಕ್ ಆದಾಗ ಕರ್ನಲ್ ಚೈಲ್ಡ್‌ಗೆ ಹೊಸ ಪೇಜ್ ಟೇಬಲ್ ಮಾಡಿಕೊಡುತ್ತದೆ, ಆದರೆ ಅದರ ಸಾಲುಗಳು ತೋರಿಸೋದು ಪೇರೆಂಟ್‌ನ ಅದೇ ಪೇಜ್‌ಗಳನ್ನು. ಜೊತೆಗೆ ಎರಡೂ ಕಡೆಯ ಟೇಬಲ್‌ನಲ್ಲಿ ಬರೆಯುವ ಅನುಮತಿ ಕಿತ್ತುಹಾಕುತ್ತದೆ. ಹೌದು, ಪೇರೆಂಟ್‌ದೂ ಕೂಡ. ಎಷ್ಟೋ ಜನ ಚೈಲ್ಡ್‌ಗೆ ಮಾತ್ರ ಈ ನಿರ್ಬಂಧ ಅಂದುಕೊಂಡಿರುತ್ತಾರೆ.

ಇನ್ನು ಯಾರಾದರೂ ಒಂದು ಪೇಜ್‌ಗೆ ಬರೆಯಲು ಹೋದರೆ ಪ್ರೊಸೆಸರ್ ತಡೆದು ಪೇಜ್ ಫಾಲ್ಟ್ ಎಬ್ಬಿಸುತ್ತದೆ. ಕರ್ನಲ್ ಬಂದು ನೋಡುತ್ತದೆ: ಈ ಜಾಗಕ್ಕೆ ಬರೆಯುವ ಹಕ್ಕು ಪ್ರೋಸೆಸ್‌ಗೆ ಇದೆ, ಪೇಜ್ ಹಂಚಿಕೆಯಾಗಿರೋದಕ್ಕೆ ಮಾತ್ರ ತಡೆದಿದ್ದೇವೆ. ಆಗ ಹೊಸದೊಂದು ಪೇಜ್ ತಂದು, ಹಳೆಯದರಿಂದ 4 ಕೆಬಿ ನಕಲು ಮಾಡಿ, ಬರೆಯಲು ಹೊರಟವರ ಟೇಬಲ್‌ನಲ್ಲಿ ಅದನ್ನು ಕೂರಿಸಿ ಅನುಮತಿ ಕೊಡುತ್ತದೆ. ಪ್ರೋಗ್ರಾಮಿಗೆ ಇದ್ಯಾವುದೂ ಗೊತ್ತಾಗೋದಿಲ್ಲ.

ನಿಮ್ಮ ಲಿನಕ್ಸ್ ಮಶೀನಿನಲ್ಲೇ ನೋಡಬಹುದು. ಮುಖ್ಯ ಭಾಗ ಇಷ್ಟೇ:

```c
size_t n = 1UL << 30;      /* 1 ಜಿಬಿ */
char *p = malloc(n);
memset(p, 1, n);
if (fork() == 0) {
    for (size_t i = 0; i < 1000; i++)
        p[i * 4096] = 2;
}
pause();
```

ಚೈಲ್ಡ್ ಬರೆದದ್ದು ಸಾವಿರ ಬೈಟ್ ಮಾತ್ರ, ಆದರೆ ಒಂದೊಂದೂ ಬೇರೆ ಬೇರೆ ಪೇಜ್‌ನಲ್ಲಿ. ಹಾಗಾಗಿ ಸಾವಿರ ಪೇಜ್ ನಕಲಾಗುತ್ತವೆ, ಅಂದರೆ ಸುಮಾರು 4 ಎಂಬಿ. ಅದೇ ಸಾವಿರ ಬೈಟ್ ಒತ್ತೊತ್ತಾಗಿ ಇದ್ದಿದ್ದರೆ ಒಂದೋ ಎರಡೋ ಪೇಜ್‌ನಲ್ಲಿ ಮುಗಿಯುತ್ತಿತ್ತು. ಪ್ರೋಗ್ರಾಮು ಓಡುತ್ತಿರುವಾಗ `/proc/<pid>/smaps_rollup` ತೆರೆದು ನೋಡಿ. ಒಂದು ಜಿಬಿಯ ಬಹುಪಾಲು `Shared_Dirty` ಸಾಲಿನಲ್ಲಿ ಇರುತ್ತದೆ, ಚೈಲ್ಡ್‌ನ `Private_Dirty` 4000 ಕೆಬಿಗಿಂತ ಸ್ವಲ್ಪ ಜಾಸ್ತಿ ಇರುತ್ತದೆ. ತಮಾಷೆ ಅಂದರೆ ಪೇರೆಂಟ್‌ನ `Private_Dirty` ಕೂಡ ಹೆಚ್ಚುಕಡಿಮೆ ಅಷ್ಟೇ ಆಗಿರುತ್ತದೆ. ಚೈಲ್ಡ್ ಬಿಟ್ಟುಹೋದ ಹಳೆಯ ಸಾವಿರ ಪೇಜ್‌ಗಳಿಗೆ ಈಗ ಪೇರೆಂಟ್ ಒಬ್ಬರೇ ವಾರಸುದಾರರು, ಅಲ್ವಾ? ಪೇರೆಂಟ್ ಮುಂದೆ ಅವುಗಳಿಗೆ ಬರೆಯಲು ಹೋದರೆ ಫಾಲ್ಟ್ ಆಗುತ್ತದೆ, ಆದರೆ ನಕಲು ಬೇಕಿಲ್ಲ. ಕರ್ನಲ್ ಸುಮ್ನೆ ಅನುಮತಿ ವಾಪಸ್ ಕೊಟ್ಟು ಕಳಿಸುತ್ತದೆ. ಅದೇ ಫೈಲಿನಲ್ಲಿ `Pss` ಅಂತ ಒಂದು ಸಾಲಿದೆ, ಅದು ಹಂಚಿಕೊಂಡ ಪೇಜನ್ನು ಪಾಲುದಾರರಿಗೆ ಭಾಗ ಮಾಡಿ ಲೆಕ್ಕ ಹಾಕುತ್ತದೆ. ಐದು ಪ್ರೋಸೆಸ್‌ಗಳ ಮೆಮೊರಿ ಕೂಡಿಸಬೇಕಾದರೆ ಕೂಡಿಸಬೇಕಾದ್ದು ಇದನ್ನು, `RES` ಅಲ್ಲ.

ಕ್ಯೂರಿಂಗ್ ಹುಡುಗನ ಪ್ರೋಗ್ರಾಮು ಇರೋದು ಪೈಥಾನಿನಲ್ಲಿ. ಅಲ್ಲಿ ಇನ್ನೊಂದು ತೊಡಕು ಇದೆ. ಫೋರ್ಕ್ ಆಗಿ ಹುಟ್ಟಿದ ವರ್ಕರ್‌ಗಳು ಲಾಟ್ ಪಟ್ಟಿಯನ್ನು ಓದುತ್ತವೆ ಅಷ್ಟೇ, ಬದಲಿಸೋದಿಲ್ಲ. ಆದರೂ ಓಡುತ್ತಾ ಓಡುತ್ತಾ ಒಂದೊಂದರ `Private_Dirty` ಏರುತ್ತಾ ಹೋಗುತ್ತದೆ. ಯಾಕೆಂದರೆ ಪೈಥಾನಿನಲ್ಲಿ ಪ್ರತಿ ಆಬ್ಜೆಕ್ಟ್‌ನ ತಲೆಯಲ್ಲೇ ಅದನ್ನು ಎಷ್ಟು ಕಡೆಯಿಂದ ಹಿಡಿದಿದ್ದಾರೆ ಅನ್ನೋ ಎಣಿಕೆ ಇರುತ್ತದೆ. ನೀವು ಓದಿದಿರಿ ಅಂದರೂ ಎಣಿಕೆ ಒಂದು ಏರಿ ಇಳಿಯುತ್ತದೆ. ಕರ್ನಲ್ ಕಣ್ಣಿಗೆ ಅದೂ ಬರವಣಿಗೆಯೇ, ಪೇಜ್ ನಕಲಾಯಿತು. 3.7ರಿಂದ ಇರುವ `gc.freeze()` ಅನ್ನು ಫೋರ್ಕ್‌ಗೆ ಮುಂಚೆ ಕರೆದರೆ ಬೇಡವಾದ ಆಬ್ಜೆಕ್ಟ್‌ಗಳ ಕಸ ಗುಡಿಸುವ ಕೆಲಸದಿಂದ ಆಗುವ ನಕಲು ತಪ್ಪುತ್ತದೆ, ಈ ಎಣಿಕೆಯಿಂದ ಆಗೋದು ತಪ್ಪೋದಿಲ್ಲ. ಅಂಕಿಗಳೇ ಜಾಸ್ತಿ ಇದ್ದರೆ ನಂಪೈ ಅರೇಯಲ್ಲಿ ಇಡೋದು ಒಳ್ಳೆಯದು. ಅಲ್ಲಿ ಲಕ್ಷ ಅಂಕಿಗಳಿಗೂ ಸೇರಿ ಇರೋದು ಒಂದೇ ಆಬ್ಜೆಕ್ಟ್, ಅಂಕಿಗಳಿರುವ ಪೇಜ್‌ಗಳನ್ನು ಓದುವಾಗ ಯಾರೂ ಮುಟ್ಟೋದಿಲ್ಲ.

ಫೋರ್ಕ್ ಅಗ್ಗ ಅಂದರೆ ಪುಕ್ಕಟೆ ಅಂತಲೂ ಅಲ್ಲ. ಪೇಜ್‌ಗಳು ನಕಲಾಗದಿದ್ದರೂ ಪೇಜ್ ಟೇಬಲ್ ನಕಲಾಗಲೇಬೇಕು. 64 ಬಿಟ್ ಪ್ರೊಸೆಸರ್‌ನಲ್ಲಿ ಒಂದು ಪೇಜ್‌ಗೆ 8 ಬೈಟ್‌ನ ಒಂದು ಸಾಲು. 1 ಜಿಬಿಗೆ 2,62,144 ಪೇಜ್, ಅಂದರೆ 2 ಎಂಬಿ ಟೇಬಲ್. ಒಂದು ಜಿಬಿ ನಕಲು ಮಾಡೋದರ ಎದುರು ಇದು ಏನೂ ಅಲ್ಲ. ಅದೇ 24 ಜಿಬಿ ಡೇಟಾವನ್ನು ಮೆಮೊರಿಯಲ್ಲೇ ಹಿಡಿದಿರುವ ರೆಡಿಸ್ ಡೇಟಾಬೇಸ್ ಆದರೆ ಟೇಬಲ್ಲೇ 48 ಎಂಬಿ ಆಗುತ್ತದೆ, ಅಷ್ಟನ್ನು ತುಂಬುವವರೆಗೆ ರೆಡಿಸ್ ಯಾರಿಗೂ ಉತ್ತರ ಕೊಡೋದಿಲ್ಲ. ರೆಡಿಸ್ ತನ್ನ ಡೇಟಾವನ್ನು ಡಿಸ್ಕ್‌ಗೆ ಉಳಿಸೋದೇ ಫೋರ್ಕ್ ಮಾಡಿ: ಚೈಲ್ಡ್ ಆ ಕ್ಷಣದ ಡೇಟಾವನ್ನು ನಿಧಾನವಾಗಿ ಬರೆಯುತ್ತಿರುತ್ತದೆ, ಪೇರೆಂಟ್ ಗಿರಾಕಿಗಳ ಕೆಲಸ ನೋಡುತ್ತಿರುತ್ತದೆ. ಆ ಹೊತ್ತಿನಲ್ಲಿ ಬರವಣಿಗೆ ಜೋರಾಗಿದ್ದರೆ ಪೇಜ್ ಮೇಲೆ ಪೇಜ್ ನಕಲಾಗಿ, ತೀರಾ ಕೆಟ್ಟ ಸಂದರ್ಭದಲ್ಲಿ ಮೆಮೊರಿ ಎರಡರಷ್ಟಾಗಬಹುದು. `INFO` ಕೊಟ್ಟರೆ ಎರಡೂ ಖರ್ಚು ಕಾಣುತ್ತವೆ: ಫೋರ್ಕ್‌ಗೆ ಹಿಡಿದ ಸಮಯ `latest_fork_usec`ನಲ್ಲಿ, ಆಮೇಲೆ ನಕಲಾದ ಮೆಮೊರಿ `rdb_last_cow_size`ನಲ್ಲಿ. ಮೊದಲನೆಯದು ಡೇಟಾ ಎಷ್ಟು ದೊಡ್ಡದಿದೆ ಅನ್ನೋದರ ಜೊತೆ ಏರುತ್ತದೆ, ಎರಡನೆಯದು ಉಳಿಸುವ ಹೊತ್ತಿನಲ್ಲಿ ನೀವು ಎಷ್ಟು ಪೇಜ್‌ಗಳಿಗೆ ಬರೆದಿರಿ ಅನ್ನೋದರ ಜೊತೆ.